ಹಳೆಯ ಛಾಯಾಚಿತ್ರಗಳಿಂದ ಗ್ರಾಮದ ಶಾಲೆಗೊಂದು ದೇಣಿಗೆ ಮನವಿ: ತೊಂಬತ್ತು ಸೆಕೆಂಡುಗಳ ವಿಡಿಯೊ ರಚನೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಬೆಂಗಳೂರಿನ ಶೇಷಾದ್ರಿಪುರಂನಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ. ಸದಸ್ಯರ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ನಾವು ಸೇರಿರುವ ಈ ಬಡಾವಣೆಯು ಮೈಸೂರು ಸಂಸ್ಥಾನದ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರನ್ನು ಹೊತ್ತಿದೆ. 1930ರಲ್ಲಿ ಇಲ್ಲಿ ಆರಂಭವಾದ ಪುಟ್ಟ ಪ್ರಾಥಮಿಕ ಶಾಲೆಯೊಂದು ಕ್ರಮೇಣ ಬೆಳೆದು ಇಂದು ವಿದ್ಯಾಸಂಸ್ಥೆಗಳ ದೊಡ್ಡ ಸಮೂಹವಾಗಿದೆ. ನಗರದ ಶಾಲೆಗೆ ಒಂದು ಅನುಕೂಲವಿದೆ: ಅದರ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಅದರ ಸುತ್ತಮುತ್ತಲೇ ವಾಸಿಸುತ್ತಾರೆ, ಗೇಟಿನ ಮುಂದೆ ಹಾದುಹೋಗುವಾಗ ಕಟ್ಟಡವನ್ನು ನೋಡುತ್ತಾರೆ. ನಮ್ಮ ಗ್ರಾಮಗಳ ಶಾಲೆಗಳಿಗೆ ಆ ಅನುಕೂಲವಿಲ್ಲ. ನಮ್ಮ ಶಾಲೆಯಲ್ಲಿ ಓದಿದವರು ಇದೇ ಶೇಷಾದ್ರಿಪುರಂ, ಮಲ್ಲೇಶ್ವರಂ, ಚಾಮರಾಜಪೇಟೆಗಳ ಕಚೇರಿ, ಅಂಗಡಿ, ಬಾಡಿಗೆ ಮನೆಗಳಲ್ಲಿದ್ದಾರೆ. ಶಾಲೆಯ ಚಾವಣಿ ಸೋರುತ್ತಿರುವುದು ಅವರ ಕಣ್ಣಿಗೆ ಬೀಳುವುದಿಲ್ಲ. ಅವರಲ್ಲಿಗೆ ಶಾಲೆಯನ್ನು ಕೊಂಡೊಯ್ಯುವ ಸುಲಭ ಸಾಧನವೆಂದರೆ ಅವರ ಕೈಯಲ್ಲಿರುವ ಮೊಬೈಲ್ ಫೋನು.

ಹೊಸದಾಗಿ ಚಿತ್ರೀಕರಣ ನಡೆಸಲು ನಮ್ಮಲ್ಲಿ ಹಣವೂ ಇಲ್ಲ, ಅದರ ಅಗತ್ಯವೂ ಇಲ್ಲ. ಮುಖ್ಯೋಪಾಧ್ಯಾಯರ ಬೀರು, ಕಚೇರಿಯ ಗೋಡೆ, ಶಿಕ್ಷಕರ ಫೋನು, ಊರಿನ ಮನೆಗಳ ಆಲ್ಬಮ್ಮು, ಇವುಗಳಲ್ಲಿ ಬೇಕಾದಷ್ಟು ಛಾಯಾಚಿತ್ರಗಳಿವೆ. ಅವುಗಳಿಂದ ತೊಂಬತ್ತು ಸೆಕೆಂಡುಗಳ ವಿಡಿಯೊವೊಂದನ್ನು ಕಟ್ಟುವ ಕ್ರಮ ಹಾಗೂ ಅದರ ಕೊನೆಯಲ್ಲಿ ದೇಣಿಗೆ ಕೇಳುವ ವಿಧಾನ, ಇವೆರಡೇ ಇಂದಿನ ವಿಷಯ.

ಮೊದಲು ಕೊನೆಯ ವಾಕ್ಯ

ಬಹುತೇಕ ಶಾಲಾ ವಿಡಿಯೊಗಳು ವಿಫಲವಾಗುವುದಕ್ಕೆ ಕಾರಣ ಚಿತ್ರಗಳ ಕೊರತೆಯಲ್ಲ. ಅವು “ನಮ್ಮ ಶಾಲೆಯ ಅಭಿವೃದ್ಧಿಗೆ ಸಹಕರಿಸಿ” ಎಂಬ ಮಾತಿನಿಂದ ಮುಗಿಯುತ್ತವೆ. ನೋಡಿದವನ ಮನಸ್ಸು ಕರಗಿರುತ್ತದೆ, ಆದರೆ ಯಾವ ಕೆಲಸಕ್ಕೆ, ಎಷ್ಟು, ಎಲ್ಲಿಗೆ, ಎಂದಿನೊಳಗೆ ಎಂಬುದು ಅವನಿಗೆ ತಿಳಿದಿರುವುದಿಲ್ಲ. ಫೋನು ಜೇಬಿಗೆ ಸೇರುತ್ತದೆ. ಆದ್ದರಿಂದ ವಿಡಿಯೊವನ್ನು ಕೊನೆಯಿಂದ ಆರಂಭಿಸಬೇಕು. ಕೊನೆಯ ವಾಕ್ಯವನ್ನು ಕಾಗದದ ಮೇಲೆ ಬರೆದ ನಂತರವೇ ಚಿತ್ರಗಳನ್ನು ಆರಿಸಬೇಕು.

ಒಂದು ಕಲ್ಪಿತ ಉದಾಹರಣೆಯನ್ನು ಕೊನೆಯವರೆಗೆ ನಡೆಸಿಕೊಂಡು ಹೋಗೋಣ. ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಅದರ ಎರಡು ಹಳೆಯ ಕೊಠಡಿಗಳಿಗೆ ಹೆಂಚಿನ ಚಾವಣಿ. ರೀಪುಗಳು ಶಿಥಿಲವಾಗಿ ಮಳೆಗಾಲದಲ್ಲಿ ಮಕ್ಕಳು ಜಗಲಿಗೆ ಬಂದು ಕುಳಿತುಕೊಳ್ಳಬೇಕಾಗಿದೆ. ಚಾವಣಿಯ ವಿಸ್ತೀರ್ಣ 960 ಚದರ ಅಡಿ. ಎಂಜಿನಿಯರರ ಅಂದಾಜು ಪಟ್ಟಿಯಂತೆ ದುರಸ್ತಿಗೆ ಚದರ ಅಡಿಗೆ 250 ರೂಪಾಯಿ, ಒಟ್ಟು 2,40,000 ರೂಪಾಯಿ ಎಂದು ಭಾವಿಸೋಣ. (ಇವು ಲೆಕ್ಕವನ್ನು ತೋರಿಸುವುದಕ್ಕಾಗಿ ಇಟ್ಟುಕೊಂಡ ಅಂಕಿಗಳು, ತಮ್ಮ ಶಾಲೆಯ ಅಂದಾಜು ಪಟ್ಟಿ ಬಂದಾಗ ಆ ಅಂಕಿಗಳನ್ನು ಇಲ್ಲಿ ಕೂರಿಸಿಕೊಳ್ಳಬಹುದು.) ಹಾಗಾದರೆ ಒಂದು ಸಾವಿರ ರೂಪಾಯಿಗೆ ನಾಲ್ಕು ಚದರ ಅಡಿ ಚಾವಣಿ ದೊರೆಯುತ್ತದೆ. ಒಂದು ಮಗು ಪುಸ್ತಕ ತೆರೆದಿಟ್ಟುಕೊಂಡು ಕುಳಿತುಕೊಳ್ಳಲು ಸುಮಾರು ಅಷ್ಟೇ ಜಾಗ ಬೇಕು. ಒಟ್ಟು ಕೆಲಸವು ಇಂಥ 240 ಪಾಲುಗಳಾಗುತ್ತದೆ. ಗ್ರಾಮ ಪಂಚಾಯಿತಿಯು ನಿಯಮಾನುಸಾರ ನಿರ್ಣಯಿಸಿ 60 ಪಾಲುಗಳನ್ನು ತಾನೇ ಭರಿಸಿದರೆ ಉಳಿಯುವುದು 180 ಪಾಲು. ಈಗ ಕೊನೆಯ ವಾಕ್ಯ ತಾನಾಗಿಯೇ ಸಿದ್ಧವಾಗುತ್ತದೆ:

“ಒಂದು ಸಾವಿರ ರೂಪಾಯಿ, ಒಂದು ಮಗುವಿನ ತಲೆಯ ಮೇಲೆ ನಾಲ್ಕು ಚದರ ಅಡಿ ಸೋರದ ಚಾವಣಿ. 240 ಪಾಲುಗಳಲ್ಲಿ 60 ಪಂಚಾಯಿತಿಯದು. ಉಳಿದ 180ರಲ್ಲಿ ಒಂದು ತಮ್ಮದಾಗಲಿ. ಮಾರ್ಚ್ 31ರೊಳಗೆ.”

ಈ ವಾಕ್ಯದಲ್ಲಿ ನಾಲ್ಕು ಅಂಶಗಳಿವೆ: ಒಂದೇ ಕೆಲಸ, ಒಂದೇ ಮೊತ್ತ, ನಮ್ಮ ಪಾಲು, ಮತ್ತು ಒಂದು ದಿನಾಂಕ. ಮೂರು ಕೆಲಸಗಳನ್ನು ಒಟ್ಟಿಗೆ ಕೇಳಬಾರದು. ಚಾವಣಿ, ಕಂಪ್ಯೂಟರ್, ಆಟದ ಮೈದಾನ ಎಂದು ಪಟ್ಟಿ ಮಾಡಿದರೆ ಕೊಡುವವನಿಗೆ ತನ್ನ ಸಾವಿರ ರೂಪಾಯಿ ಎಲ್ಲಿ ಸೇರಿತೆಂಬುದು ಕಾಣುವುದಿಲ್ಲ. ಪಂಚಾಯಿತಿಯ ಪಾಲನ್ನು ಮೊದಲು ಹೇಳುವುದಕ್ಕೂ ಕಾರಣವಿದೆ. “ಸರ್ಕಾರಿ ಶಾಲೆಗೆ ನಾವೇಕೆ ಕೊಡಬೇಕು?” ಎಂಬ ಪ್ರಶ್ನೆ ಎಲ್ಲರಲ್ಲೂ ಏಳುತ್ತದೆ. ಶಿಕ್ಷಕರ ವೇತನ, ಪಠ್ಯಪುಸ್ತಕ, ಬಿಸಿಯೂಟ ಸರ್ಕಾರದಿಂದ ಬರುತ್ತಿವೆ. ಈ ಹಣ ಈ ಚಾವಣಿಗೆ ಮಾತ್ರ. ಅದರಲ್ಲೂ ನಮ್ಮ ಪಾಲನ್ನು ಇಟ್ಟಿದ್ದೇವೆ ಎಂದು ಹೇಳಿದಾಗ ಆ ಪ್ರಶ್ನೆಗೆ ಉತ್ತರ ಸಿಕ್ಕಂತಾಗುತ್ತದೆ.

ಕಥೆಯ ಕಟ್ಟು

ದಕ್ಷಿಣ ಕನ್ನಡದ ಹರೇಕಳ ಹಾಜಬ್ಬ ಅವರ ವೃತ್ತಾಂತ ತಮಗೆಲ್ಲ ತಿಳಿದಿದೆ. ಮಂಗಳೂರಿನಲ್ಲಿ ಕಿತ್ತಳೆ ಹಣ್ಣು ಮಾರುತ್ತಿದ್ದ ಅವರನ್ನು ವಿದೇಶಿ ಪ್ರವಾಸಿಗರು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು, ಅವರಿಗೆ ಉತ್ತರಿಸಲಾಗಲಿಲ್ಲ. ತಮ್ಮೂರಿನ ಮಕ್ಕಳಿಗೆ ಈ ಸ್ಥಿತಿ ಬರಬಾರದೆಂದು ಹಣ್ಣು ಮಾರಿದ ಹಣವನ್ನು ಕೂಡಿಟ್ಟು, ದಾನಿಗಳನ್ನೂ ಅಧಿಕಾರಿಗಳನ್ನೂ ಕಂಡು, ಊರಿಗೆ ಶಾಲೆ ತಂದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಈ ವೃತ್ತಾಂತವನ್ನು ಒಮ್ಮೆ ಕೇಳಿದವರು ಮರೆಯದಿರಲು ಅದರ ಕಟ್ಟು ಕಾರಣ. ಒಬ್ಬ ವ್ಯಕ್ತಿ, ಒಂದು ಸಣ್ಣ ಸಂದರ್ಭ, ಒಂದು ಸ್ಪಷ್ಟ ಕೊರತೆ, ಅದನ್ನು ನೀಗಿಸಲು ಅವನೇ ಮೊದಲು ಇಟ್ಟ ಹೆಜ್ಜೆ, ಅನಂತರ ಇತರರ ನೆರವು. “ಗ್ರಾಮೀಣ ಶಿಕ್ಷಣದ ಸಮಸ್ಯೆಗಳು” ಎಂಬ ಮಾತು ಅದರಲ್ಲಿ ಎಲ್ಲಿಯೂ ಬರುವುದಿಲ್ಲ. ಬೆಲೆ ಹೇಳಲಾಗದ ಒಬ್ಬ ಹಣ್ಣಿನ ವ್ಯಾಪಾರಿ ಮಾತ್ರ ಇದ್ದಾನೆ. ನಮ್ಮ ವಿಡಿಯೊ ಕೂಡ ಇದೇ ಕ್ರಮದಲ್ಲಿ ಸಾಗಬೇಕು.

ತೊಂಬತ್ತು ಸೆಕೆಂಡುಗಳನ್ನು ಐದು ಭಾಗ ಮಾಡಿಕೊಳ್ಳೋಣ.

ಮೊದಲ ಭಾಗ, 10 ಸೆಕೆಂಡು, ಎರಡು ಚಿತ್ರ. ಶಾಲೆಯ ಅತ್ಯಂತ ಹಳೆಯ ಗುಂಪು ಚಿತ್ರ ಮೊದಲು. ಐದು ಸೆಕೆಂಡು ಅಲುಗದೆ ನಿಲ್ಲಲಿ. ಕೆಳಗೆ ಊರಿನ ಹೆಸರು ಮತ್ತು ವರ್ಷ. ಎರಡನೆಯದು ಅದೇ ಚಿತ್ರದ ಒಂದು ಭಾಗ, ಒಂದೆರಡು ಮುಖಗಳು ಮಾತ್ರ. ಹಳೆಯ ವಿದ್ಯಾರ್ಥಿ ತನ್ನನ್ನೋ ತನ್ನ ಅಣ್ಣನನ್ನೋ ಹುಡುಕತೊಡಗುತ್ತಾನೆ. ಹುಡುಕತೊಡಗಿದವನು ವಿಡಿಯೊವನ್ನು ನಿಲ್ಲಿಸುವುದಿಲ್ಲ. ಸಂಘಸಂಸ್ಥೆಗಳ ಲಾಂಛನ, ಸ್ವಾಗತ, ಗಣ್ಯರ ಭಾವಚಿತ್ರಗಳಿಂದ ಆರಂಭಿಸಿದರೆ ಈ ಅಮೂಲ್ಯ ಹತ್ತು ಸೆಕೆಂಡುಗಳು ವ್ಯರ್ಥವಾಗುತ್ತವೆ.

ಎರಡನೆಯ ಭಾಗ, 20 ಸೆಕೆಂಡು, ಐದು ಚಿತ್ರ, ತಲಾ ನಾಲ್ಕು ಸೆಕೆಂಡು. ಶಾಲೆಯ ಬದುಕು: ಪ್ರಾರ್ಥನೆ, ಸ್ವಾತಂತ್ರ್ಯೋತ್ಸವ, ಬಿಸಿಯೂಟದ ಸಾಲು, ಬರೆಯುತ್ತಿರುವ ಮಗು, ಆಟ. ಹಳೆಯದರಿಂದ ಹೊಸದಕ್ಕೆ ಬರಲಿ. ನಮ್ಮ ಉದಾಹರಣೆಯಲ್ಲಿ ಒಂದು ಉಪಾಯವಿದೆ. ಹೆಂಚಿನ ಕೊಠಡಿಯ ಜಗಲಿಯ ಕಂಬ ಹಳೆಯ ಚಿತ್ರದಲ್ಲೂ ಹೊಸ ಚಿತ್ರದಲ್ಲೂ ಕಾಣಿಸುವಂತೆ ಆರಿಸಿದರೆ, ತಾನು ಒರಗಿ ನಿಂತ ಕಂಬದ ಮೇಲಿನ ಚಾವಣಿಗೇ ಹಣ ಕೇಳುತ್ತಿದ್ದಾರೆಂಬುದು ಬಾಯಿಬಿಟ್ಟು ಹೇಳದೆಯೇ ಅರ್ಥವಾಗುತ್ತದೆ.

ಮೂರನೆಯ ಭಾಗ, 20 ಸೆಕೆಂಡು, ನಾಲ್ಕು ಚಿತ್ರ, ತಲಾ ಐದು ಸೆಕೆಂಡು. ಕೊರತೆ: ಒಡೆದ ಹೆಂಚಿನ ನಡುವಿನ ಬೆಳಕು, ಗೋಡೆಯ ಮೇಲಿನ ನೀರಿನ ಕಲೆ, ನೆಲದ ಮೇಲಿಟ್ಟ ಬಕೆಟ್ಟು, ಜಗಲಿಯಲ್ಲಿ ಒತ್ತೊತ್ತಾಗಿ ಕುಳಿತ ಮಕ್ಕಳು. ಇಲ್ಲಿ ವಸ್ತುವನ್ನು ತೋರಿಸಬೇಕು, ದೈನ್ಯವನ್ನಲ್ಲ. ಅಳುವ ಮುಖ, ಹರಿದ ಅಂಗಿ ಇರುವ ಚಿತ್ರಗಳನ್ನು ಬಳಸಿದರೆ ಆ ಮಗು ನಾಳೆ ಊರಿನಲ್ಲಿ ತಲೆಯೆತ್ತಿ ನಡೆಯುವುದು ಕಷ್ಟವಾಗುತ್ತದೆ. ಒಮ್ಮೆ ಹರಡಿದ ವಿಡಿಯೊವನ್ನು ಹಿಂಪಡೆಯಲು ಸಾಧ್ಯವಿಲ್ಲ.

ನಾಲ್ಕನೆಯ ಭಾಗ, 15 ಸೆಕೆಂಡು, ಮೂರು ಚಿತ್ರ. ನಾವು ಈಗಾಗಲೇ ಮಾಡಿರುವುದು: ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ, ಅಂದಾಜು ಪಟ್ಟಿಯ ಪುಟ, ಅಳತೆ ತೆಗೆಯುತ್ತಿರುವುದು. ಹಾಜಬ್ಬ ಅವರ ವೃತ್ತಾಂತದಲ್ಲಿ ಅವರೇ ಮೊದಲು ಇಟ್ಟ ಹೆಜ್ಜೆಗೆ ಸಮನಾದ ಭಾಗ ಇದು. ಇದನ್ನು ಬಿಟ್ಟರೆ ಮನವಿಯು ಯಾಚನೆಯಾಗಿಬಿಡುತ್ತದೆ.

ಐದನೆಯ ಭಾಗ, 25 ಸೆಕೆಂಡು. ಎಂಟು ಸೆಕೆಂಡು ಕೆಲಸ ಮತ್ತು ಮೊತ್ತದ ಬರಹ; ಹನ್ನೆರಡು ಸೆಕೆಂಡು ಖಾತೆಯ ವಿವರ ಮತ್ತು ದಿನಾಂಕ; ಉಳಿದ ಐದು ಸೆಕೆಂಡು ಇಂದಿನ ಮಕ್ಕಳ ನಗುಮುಖದ ಒಂದು ಚಿತ್ರ. ಒಟ್ಟು ಹದಿನೈದು ಚಿತ್ರ, ಎರಡು ಬರಹದ ಪುಟ. ಇದಕ್ಕಿಂತ ಹೆಚ್ಚಿನ ಚಿತ್ರಗಳಿದ್ದರೆ ಅವು ಮುಂದಿನ ವಿಡಿಯೊಗೆ ಇರಲಿ.

ಹಿನ್ನೆಲೆಯ ಮಾತನ್ನು ನಿಧಾನವಾಗಿ ಓದಿದರೆ ನಿಮಿಷಕ್ಕೆ ಸುಮಾರು ನೂರು ಕನ್ನಡ ಪದ ಹಿಡಿಯುತ್ತದೆ. ಆದುದರಿಂದ ಇಡೀ ವಿಡಿಯೊಗೆ ನೂರಹತ್ತು ಪದ ಸಾಕು, ನಡುನಡುವೆ ಮೌನವಿರಲಿ. “ಇದು ನಮ್ಮೂರ ಶಾಲೆ. ಈ ಕಂಬಕ್ಕೆ ಒರಗಿ ನಿಂತವರಲ್ಲಿ ತಾವೂ ಇರಬಹುದು” ಎಂಬಂತಹ ಚಿಕ್ಕ ವಾಕ್ಯಗಳು ಬೇಕು. ಧ್ವನಿ ಊರಿನವರದ್ದೇ ಆಗಿರಲಿ. ಚಲನಚಿತ್ರ ಗೀತೆಗಳನ್ನು ಹಿನ್ನೆಲೆಗೆ ಬಳಸಬಾರದು; ಅವುಗಳಿಗೆ ಹಕ್ಕುದಾರರಿದ್ದಾರೆ, ಯೂಟ್ಯೂಬಿನಲ್ಲಿ ಆ ಕಾರಣಕ್ಕೆ ವಿಡಿಯೊಗೆ ತಡೆ ಬೀಳುವ ಸಂಭವವಿದೆ. ಹಾಗೆಯೇ, ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಮೆಟ್ರೊ ಹತ್ತಿದ ನಮ್ಮೂರಿನವನು ಧ್ವನಿಯನ್ನು ಅಡಗಿಸಿಯೇ ವಿಡಿಯೊ ನೋಡುತ್ತಾನೆ. ಆದ್ದರಿಂದ ಮುಖ್ಯ ಮಾತುಗಳೆಲ್ಲವೂ ಪರದೆಯ ಮೇಲೆ ದಪ್ಪ ಅಕ್ಷರಗಳಲ್ಲಿ, ಒಮ್ಮೆಗೆ ಆರೇಳು ಪದ ಮೀರದಂತೆ ಇರಬೇಕು.

ಚಿತ್ರಗಳನ್ನು ಸಂಗ್ರಹಿಸುವಾಗ

ಚೌಕಟ್ಟಿನಲ್ಲಿರುವ ಹಳೆಯ ಚಿತ್ರಗಳನ್ನು ಸಾಧ್ಯವಾದರೆ ಗಾಜಿನಿಂದ ಹೊರತೆಗೆದು, ಹೊರಗೆ ನೆರಳಿನಲ್ಲಿಟ್ಟು, ಫ್ಲ್ಯಾಶ್ ಇಲ್ಲದೆ, ಫೋನನ್ನು ಚಿತ್ರಕ್ಕೆ ಸಮಾನಾಂತರವಾಗಿ ಹಿಡಿದು ತೆಗೆಯಬೇಕು. ತೇವದಿಂದ ಚಿತ್ರವು ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬಾರದು, ಮೇಲ್ಪದರವೇ ಕಿತ್ತುಬರುತ್ತದೆ. ಆಗ ಗಾಜಿನ ಮೂಲಕವೇ ತೆಗೆಯಬೇಕು. ತೆಗೆಯುವವರ ಹಿಂದೆ ಇಬ್ಬರು ಕಪ್ಪು ಬಟ್ಟೆಯನ್ನು ಹಿಡಿದು ನಿಂತರೆ ಪ್ರತಿಬಿಂಬ ಬೀಳುವುದಿಲ್ಲ.

ಎರಡನೆಯ ಎಚ್ಚರಿಕೆ ವಾಟ್ಸ್ಆ್ಯಪ್‌ಗೆ ಸಂಬಂಧಿಸಿದ್ದು. ಅದರಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರವು ಕುಗ್ಗಿಹೋಗುತ್ತದೆ. ವಿಡಿಯೊದ ಚೌಕಟ್ಟು ಅಗಲದಲ್ಲಿ 1920 ಚುಕ್ಕೆಗಳಷ್ಟಿರುತ್ತದೆ. ಚಿತ್ರವು ಅದಕ್ಕಿಂತ ಕಿರಿದಾಗಿದ್ದರೆ ಅದನ್ನು ಹಿಗ್ಗಿಸಬೇಕಾಗುತ್ತದೆ, ಮುಖಗಳು ಮಸುಕಾಗುತ್ತವೆ. ಮೊದಲ ಭಾಗದಲ್ಲಿ ಮಾಡಿದಂತೆ ಒಂದೆರಡು ಮುಖಗಳನ್ನು ಮಾತ್ರ ದೊಡ್ಡದಾಗಿ ತೋರಿಸಲು ಹೋದರೆ ಇನ್ನೂ ಹೆಚ್ಚು. ಶಿಕ್ಷಕರು, ಊರಿನವರು ಚಿತ್ರಗಳನ್ನು “ಡಾಕ್ಯುಮೆಂಟ್” ಆಗಿ ಕಳುಹಿಸುವಂತೆ ತಿಳಿಸಿದರೆ ಮೂಲ ಗಾತ್ರ ಉಳಿಯುತ್ತದೆ. ಉದ್ದನೆಯ ಚಿತ್ರಗಳನ್ನು ಅಡ್ಡ ಚೌಕಟ್ಟಿಗೆ ಎಳೆದು ಹಿಗ್ಗಿಸಬಾರದು. ನಡುವೆ ಇಟ್ಟು ಎರಡು ಬದಿ ಕಪ್ಪು ಬಿಡುವುದೇ ಲೇಸು.

ಮೂರನೆಯದು ಒಪ್ಪಿಗೆ. ಇಂದಿನ ಮಕ್ಕಳ ಮುಖ ಗುರುತಿಸುವಂತಿರುವ ಪ್ರತಿ ಚಿತ್ರಕ್ಕೂ ಪೋಷಕರ ಲಿಖಿತ ಒಪ್ಪಿಗೆ ಪಡೆಯಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಮಕ್ಕಳ ವಿಷಯದಲ್ಲಿ ಪೋಷಕರ ಒಪ್ಪಿಗೆಯನ್ನೇ ಮುಂದಿಡುತ್ತದೆ. ಮಗುವಿನ ಹೆಸರು, ತರಗತಿ, ಮನೆಯ ವಿವರ ಪರದೆಯ ಮೇಲೆ ಬರಕೂಡದು. ಹಳೆಯ ಚಿತ್ರಗಳ ವರ್ಷ ತಿಳಿಯದಿದ್ದರೆ ಊರಿನ ಹಿರಿಯರಿಗೆ ತೋರಿಸಿ ಕೇಳಬೇಕು. ಇಬ್ಬರು ಒಂದೇ ವರ್ಷ ಹೇಳಿದರೆ ಮಾತ್ರ ಬರೆಯಬೇಕು. ತಪ್ಪು ವರ್ಷವನ್ನು ಹಳೆಯ ವಿದ್ಯಾರ್ಥಿ ಕೂಡಲೇ ಗುರುತಿಸುತ್ತಾನೆ. ಅನಂತರ ನಮ್ಮ ಲೆಕ್ಕವನ್ನೂ ಅವನು ನಂಬುವುದಿಲ್ಲ.

ಹಣ ಸೇರುವ ದಾರಿ

ಖಾತೆಯು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯದಾಗಿರಬೇಕು, ಅಧ್ಯಕ್ಷರು ಮತ್ತು ಮುಖ್ಯೋಪಾಧ್ಯಾಯರು ಜಂಟಿಯಾಗಿ ನಿರ್ವಹಿಸುವಂಥದ್ದು. ಸಮಿತಿಯ ನಿರ್ಣಯ, ಅಂದಾಜು ಪಟ್ಟಿ, ಖಾತೆ, ಈ ಮೂರೂ ಸಿದ್ಧವಾದ ಮೇಲೆಯೇ ವಿಡಿಯೊ ಹೊರಬರಬೇಕು. ಯಾವುದೇ ಶಿಕ್ಷಕರ ಅಥವಾ ಸದಸ್ಯರ ಸ್ವಂತ ಫೋನ್ ಸಂಖ್ಯೆಗೆ ಹಣ ಹಾಕಿಸಬಾರದು. ಉದ್ದೇಶ ಎಷ್ಟೇ ಶುದ್ಧವಾಗಿದ್ದರೂ ಲೆಕ್ಕಪರಿಶೋಧನೆಯಲ್ಲಿ ಅದಕ್ಕೆ ಉತ್ತರವಿಲ್ಲ. ಜಂಟಿ ಖಾತೆಗೆ ಹಣ ಸ್ವೀಕರಿಸುವ ಕ್ಯೂಆರ್ ಸಂಕೇತ ದೊರೆಯುವುದೇ ಎಂದು ಬ್ಯಾಂಕ್ ಶಾಖೆಯಲ್ಲಿ ವಿಚಾರಿಸಬೇಕು. ದೊರೆಯದಿದ್ದರೆ ಖಾತೆ ಸಂಖ್ಯೆ ಮತ್ತು ಐಎಫ್ಎಸ್‌ಸಿ ಸಂಕೇತ ಸಾಕು.

ಇಲ್ಲಿ ಒಂದು ಸಣ್ಣ ತಾಂತ್ರಿಕ ಸಂಗತಿಯನ್ನು ಅನೇಕರು ಗಮನಿಸುವುದಿಲ್ಲ. ಫೋನಿನಲ್ಲಿ ವಿಡಿಯೊ ನೋಡುತ್ತಿರುವವನು ಅದೇ ಫೋನಿನ ಕ್ಯಾಮೆರಾದಿಂದ ಅದೇ ಪರದೆಯ ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಲಾರ. ಸಭೆಯಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುವಾಗ ಅದು ಉಪಯುಕ್ತ; ವಾಟ್ಸ್ಆ್ಯಪ್‌ನಲ್ಲಿ ಬಹುಮಟ್ಟಿಗೆ ನಿಷ್ಪ್ರಯೋಜಕ. ಆದ್ದರಿಂದ ವಿಡಿಯೊದ ಜೊತೆಯ ಸಂದೇಶದಲ್ಲಿ ಖಾತೆಯ ಹೆಸರು, ಸಂಖ್ಯೆ, ಐಎಫ್ಎಸ್‌ಸಿ ಸಂಕೇತಗಳನ್ನು ಅಕ್ಷರಗಳಲ್ಲಿಯೇ ಕೊಡಬೇಕು. ಆಗ ಅದನ್ನು ನಕಲು ಮಾಡಿಕೊಂಡು ಬಳಸಬಹುದು. ಖಾತೆಯ ಹೆಸರನ್ನು ಪೂರ್ತಿಯಾಗಿ ಬರೆದು, “ಹಣ ಕಳುಹಿಸುವ ಮುನ್ನ ಈ ಹೆಸರನ್ನು ಹೋಲಿಸಿ ನೋಡಿ” ಎಂದು ಸೇರಿಸಬೇಕು. ನಮ್ಮ ವಿಡಿಯೊಗೆ ಬೇರೆಯವರು ತಮ್ಮ ಸಂಖ್ಯೆ ಅಂಟಿಸಿ ಹರಡಿದರೆ ದಾನಿಗೆ ಇದೊಂದೇ ರಕ್ಷಣೆ.

ಹೇಳಬಾರದ ಮಾತುಗಳೂ ಕೆಲವು ಇವೆ. ಆದಾಯ ತೆರಿಗೆಯ ವಿನಾಯಿತಿ ಸಿಗುತ್ತದೆಂದು, ಹಣ ಸ್ವೀಕರಿಸುವ ಸಂಸ್ಥೆಗೆ ಆ ಮಾನ್ಯತೆ ಇದ್ದ ಹೊರತು ಹೇಳಬಾರದು. ವಿದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳ ವಿಷಯದಲ್ಲಿ ಎಚ್ಚರ ಬೇಕು. ಭಾರತೀಯ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣ ವಿದೇಶಿ ವಂತಿಗೆಯಾಗುವುದಿಲ್ಲ. ಆದರೆ ಅನ್ಯದೇಶದ ಪೌರತ್ವ ಪಡೆದವರ ಹಣವು, ಅವರು ನಮ್ಮೂರಿನಲ್ಲಿಯೇ ಹುಟ್ಟಿದ್ದರೂ, 2010ರ ವಿದೇಶಿ ವಂತಿಗೆ (ನಿಯಂತ್ರಣ) ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅಂಥವರಿಂದ ಸಮಿತಿಯ ಖಾತೆಗೆ ನೇರವಾಗಿ ಹಣ ಕೇಳಬಾರದು. ಸಂದೇಶದಲ್ಲಿ “ಭಾರತೀಯ ಪೌರರಿಂದ ಮಾತ್ರ” ಎಂಬ ಸಾಲು ಇರಲಿ. ಕೊನೆಯದಾಗಿ, ಈಗ ಓದುತ್ತಿರುವ ಮಕ್ಕಳ ಪೋಷಕರಿಗೆ ಈ ವಿಡಿಯೊ ಒತ್ತಾಯದ ಪತ್ರವಾಗಬಾರದು. ಕೊಟ್ಟವರ, ಕೊಡದವರ ಪಟ್ಟಿಯನ್ನು ತರಗತಿಯಲ್ಲಿ ಓದಕೂಡದು.

ಪರೀಕ್ಷೆ ಮತ್ತು ಮುಂದಿನ ಹೆಜ್ಜೆ

ವಿಡಿಯೊ ಸಿದ್ಧವಾದ ಮೇಲೆ ಊರಿಗೆ ಸಂಬಂಧವಿಲ್ಲದ ಮೂವರಿಗೆ, ಧ್ವನಿ ಅಡಗಿಸಿ, ಒಮ್ಮೆ ಮಾತ್ರ ತೋರಿಸಬೇಕು. ಅನಂತರ ನಾಲ್ಕು ಪ್ರಶ್ನೆ: ಯಾವ ಕೆಲಸಕ್ಕೆ? ಎಷ್ಟು? ಎಲ್ಲಿಗೆ ಕಳುಹಿಸಬೇಕು? ಎಂದಿನೊಳಗೆ? ಮೂವರಲ್ಲಿ ಇಬ್ಬರಿಗೆ ಯಾವುದಾದರೂ ಒಂದಕ್ಕೆ ಉತ್ತರ ತೋಚದಿದ್ದರೆ ಚಿತ್ರಗಳನ್ನು ಮುಟ್ಟಬೇಕಾಗಿಲ್ಲ; ಐದನೆಯ ಭಾಗದ ಬರಹವನ್ನು ಬದಲಿಸಬೇಕು. ಕಡತದ ಗಾತ್ರವು 15 ಎಂಬಿ ಒಳಗಿದ್ದರೆ ಹಳ್ಳಿಯ ನಿಧಾನಗತಿಯ ಜಾಲದಲ್ಲೂ, ಹಳೆಯ ಫೋನುಗಳಲ್ಲೂ ಸುಲಭವಾಗಿ ತೆರೆಯುತ್ತದೆ.

ಕಳುಹಿಸುವುದು ಗುಂಪಿಗಿಂತ ಮೊದಲು ವ್ಯಕ್ತಿಗೆ. ಪ್ರತಿ ವಾರ್ಡಿನ ಸದಸ್ಯರು ತಮಗೆ ಪರಿಚಿತರಾದ ಹತ್ತು ಹಳೆಯ ವಿದ್ಯಾರ್ಥಿಗಳಿಗೆ ಹೆಸರು ಹಿಡಿದು ಬರೆದು ಕಳುಹಿಸಲಿ: “ಅಣ್ಣಾ, ಮೊದಲನೆಯ ಚಿತ್ರದ ಎರಡನೆಯ ಸಾಲು ನೋಡಿ” ಎಂಬ ಒಂದು ಮಾತು ಸಾಕು. ಮೊದಲ ಮೂವತ್ತು ನಲವತ್ತು ಪಾಲುಗಳು ಹೀಗೆ ಬಂದ ನಂತರ ಗುಂಪುಗಳಿಗೆ ಹಾಕಿದರೆ, “180ರಲ್ಲಿ 40 ಈಗಾಗಲೇ ಬಂದಿವೆ” ಎಂದು ಬರೆಯಲು ಸಾಧ್ಯವಾಗುತ್ತದೆ. ಶೂನ್ಯದಿಂದ ಆರಂಭವಾದ ಪಟ್ಟಿಯಲ್ಲಿ ಮೊದಲಿಗನಾಗಲು ಜನ ಹಿಂಜರಿಯುತ್ತಾರೆ.

ನಿಗದಿತ ದಿನಾಂಕ ಕಳೆದ ಮೇಲೂ ವಿಡಿಯೊ ತಿರುಗುತ್ತಲೇ ಇರುತ್ತದೆ. 180 ಪಾಲುಗಳು ತುಂಬಿದ ದಿನವೇ ಅದೇ ಗುಂಪುಗಳಿಗೆ “ಮೊತ್ತ ತುಂಬಿದೆ, ಇನ್ನು ಕಳುಹಿಸಬೇಡಿ” ಎಂದು ತಿಳಿಸಬೇಕು. ತುಂಬದಿದ್ದರೆ ಬಂದ ಹಣದಲ್ಲಿ ಒಂದು ಕೊಠಡಿಯನ್ನಾದರೂ ಮುಗಿಸುವೆವೆಂದು ಸಮಿತಿಯು ಆರಂಭದಲ್ಲಿಯೇ ನಿರ್ಣಯಿಸಿ, ಆ ಮಾತನ್ನು ಸಂದೇಶದಲ್ಲಿ ಸೇರಿಸಿರಬೇಕು. ಕೆಲಸ ಮುಗಿದಾಗ ಮೂರನೆಯ ಭಾಗದ ನಾಲ್ಕು ಚಿತ್ರಗಳನ್ನು ತೆಗೆದ ಅದೇ ಜಾಗಗಳಲ್ಲಿ ನಿಂತು ಮತ್ತೆ ನಾಲ್ಕು ಚಿತ್ರ ತೆಗೆಯಬೇಕು. ಹಳೆಯದು, ಹೊಸದು, ಖರ್ಚಿನ ಲೆಕ್ಕದ ಒಂದು ಪುಟ. ಮೂವತ್ತು ಸೆಕೆಂಡುಗಳ ಈ ಎರಡನೆಯ ವಿಡಿಯೊ ಪ್ರತಿ ದಾನಿಗೂ ತಲುಪಬೇಕು. ಮುಂದಿನ ಬಾರಿ ಶೌಚಾಲಯಕ್ಕೋ ಗ್ರಂಥಾಲಯಕ್ಕೋ ಕೇಳುವಾಗ ಅದೇ ನಮ್ಮ ಪರಿಚಯಪತ್ರ.

ಹಳೆಯ ವಿದ್ಯಾರ್ಥಿಗಳನ್ನು ಶಾಲೆಯೊಡನೆ ಜೋಡಿಸಲು ಶಾಲಾ ಶಿಕ್ಷಣ ಇಲಾಖೆಯು “ನಮ್ಮ ಶಾಲೆ ನಮ್ಮ ಜವಾಬ್ದಾರಿ” ಕಾರ್ಯಕ್ರಮವನ್ನು ಕೈಗೊಂಡಿರುವುದು ತಮಗೆ ತಿಳಿದಿದೆ. ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಮುಖ್ಯೋಪಾಧ್ಯಾಯರ ಮೂಲಕ ಆ ಕಾರ್ಯಕ್ರಮದೊಡನೆ ಹೊಂದಿಸಿಕೊಂಡರೆ ಒಂದೇ ಶ್ರಮ ಎರಡು ಕಡೆ ಫಲಿಸುತ್ತದೆ.

ಮಾನ್ಯ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಸಾಮಾನ್ಯ ಸಭೆಗೆ ಮೊದಲು ತಮ್ಮ ವಾರ್ಡಿನ ಶಾಲೆಗೆ ಭೇಟಿ ನೀಡಿ, ಮುಖ್ಯೋಪಾಧ್ಯಾಯರೊಡನೆ ಕುಳಿತು, ಒಂದೇ ಒಂದು ಕೆಲಸವನ್ನು ಗೊತ್ತುಮಾಡಿ, ಅದರ ಅಂದಾಜು ಪಟ್ಟಿಗೆ ಕೋರಿಕೆ ಸಲ್ಲಿಸಿರಿ. ಗೋಡೆಯ ಮೇಲಿರುವ ಅತ್ಯಂತ ಹಳೆಯ ಗುಂಪು ಚಿತ್ರವನ್ನು ಆ ದಿನವೇ ಫೋನಿನಲ್ಲಿ ತೆಗೆದುಕೊಂಡು ಬನ್ನಿರಿ. ಗೆದ್ದಲು ಮತ್ತು ತೇವ ಅದನ್ನು ಪ್ರತಿ ಮಳೆಗಾಲದಲ್ಲೂ ಸ್ವಲ್ಪ ಸ್ವಲ್ಪವೇ ಅಳಿಸುತ್ತಿವೆ.